ಕೊನೆಯ ಎಂಟು ನಿಮಿಷವನ್ನು ಬೆಲ್‌ಗಿಂತ ಮೊದಲೇ ಕಾಯ್ದಿರಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಹತ್ತನೇ ತರಗತಿಗೆ ಗಣಿತ ಬೋಧಿಸುತ್ತೇನೆ. ತರಗತಿಯಲ್ಲಿ 46 ಮಕ್ಕಳಿದ್ದಾರೆ. ಈ ವರ್ಷ ನಮ್ಮ ಪಿರಿಯಡ್ 40 ನಿಮಿಷದಿಂದ 50ಕ್ಕೆ ಏರಿದೆ. ಆದರೂ ಪುನರಾವಲೋಕನಕ್ಕೆ ಬರುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಮಕ್ಕಳು ಪ್ರಶ್ನೆ ಕೇಳಿದಾಗ ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಸಮಾಂತರ ಶ್ರೇಢಿಯ n ನೇ ಪದದ ಪಾಠಕ್ಕೆ ಪೂರ್ವಜ್ಞಾನ 5, ಪರಿಕಲ್ಪನೆ 15, ಉದಾಹರಣೆ 10, ಗುಂಪು ಚಟುವಟಿಕೆ 12, ಪುನರಾವಲೋಕನ 8 ನಿಮಿಷ ಎಂದು ಬರೆದುಕೊಂಡು ಹೋಗಿದ್ದೆ. ಗುಂಪು ಚಟುವಟಿಕೆಯೇ ಅರ್ಧಕ್ಕೆ ನಿಂತಿತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಯೋಜನೆಯ ಐದು ಸಂಖ್ಯೆಗಳನ್ನು ಕೂಡಿಸಿ ನೋಡಿದೆ. ಮೊತ್ತ ಸರಿಯಾಗಿ 50 ಬರುತ್ತದೆ. ದೋಷ ಇರುವುದು ಅಲ್ಲಿಯೇ. ಬೆಲ್‌ನಿಂದ ಬೆಲ್‌ವರೆಗಿನ ಪ್ರತಿ ನಿಮಿಷವನ್ನೂ ಪಾಠಕ್ಕೆ ಹಂಚಿಬಿಟ್ಟ ಮೇಲೆ, ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಗುವ ಹೊತ್ತಿಗೆ ಯೋಜನೆಯಲ್ಲಿ ಜಾಗವೇ ಉಳಿಯುವುದಿಲ್ಲ. ಜಾಗವಿಲ್ಲದಿದ್ದರೂ ಆ ಹೊತ್ತು ಖರ್ಚಾಗಿಯೇ ತೀರುತ್ತದೆ, ಮತ್ತು ಸಾಲಿನಲ್ಲಿ ಕೊನೆಗೆ ನಿಂತವರಿಂದ ಅದರ ವಸೂಲಿ ನಡೆಯುತ್ತದೆ. ಪುನರಾವಲೋಕನ ಯಾವಾಗಲೂ ಕೊನೆಗೆ ನಿಂತಿರುತ್ತದೆ.

ನೀವು ಹೇಳಿದಷ್ಟು ದೊಡ್ಡ ತರಗತಿಗಳಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಗಡಿಯಾರ ಹಿಡಿದು ನೋಡಿದ ಅನುಭವದಿಂದ ಆ ದಿನದ ಲೆಕ್ಕವನ್ನು ಹೀಗೆ ಊಹಿಸುತ್ತೇನೆ. ನೀವು ಒಳಗೆ ಬಂದು, ಹಿಂದಿನ ಪಿರಿಯಡ್‌ನ ಬರಹ ಅಳಿಸಿ, ಹಾಜರಿ ಕರೆದು, ಮಕ್ಕಳು ವಿಜ್ಞಾನದ ಪುಸ್ತಕ ಒಳಗಿಟ್ಟು ಗಣಿತದ ನೋಟ್ ಹೊರತೆಗೆಯುವಷ್ಟರಲ್ಲಿ 4 ನಿಮಿಷ ಆಗಿರುತ್ತದೆ. ಪರಿಕಲ್ಪನೆ ಮುಗಿದ ಮೇಲೆ ಬೋರ್ಡಿನ ಮೇಲಿದ್ದುದನ್ನು ಬರೆದುಕೊಳ್ಳಲು 3 ನಿಮಿಷ ಹೋಗಿರುತ್ತದೆ. ಇದು ಯಾರ ಯೋಜನೆಯಲ್ಲೂ ಕಾಣಿಸುವುದಿಲ್ಲ, ಆದರೆ ಎಲ್ಲರ ತರಗತಿಯಲ್ಲೂ ಇರುತ್ತದೆ. ಆರಾರು ಮಕ್ಕಳ ಗುಂಪಾಗಲು, ಬೆಂಚು ಎಳೆದಾಡುವುದೂ ಸೇರಿ 3 ನಿಮಿಷ ಮತ್ತು ಮರಳಿ ಬೋರ್ಡಿನ ಕಡೆ ತಿರುಗಿ ಕೂರಲು 2 ನಿಮಿಷ ಬೇಕಾಗಿರುತ್ತದೆ. ಎಲ್ಲ ಸೇರಿ 12 ನಿಮಿಷ. ಅದರಲ್ಲಿ 8 ನಿಮಿಷವನ್ನು ಪುನರಾವಲೋಕನ ತೆತ್ತಿತು, ಉಳಿದ 4 ನಿಮಿಷವನ್ನು ಗುಂಪು ಚಟುವಟಿಕೆ ತೆತ್ತಿತು. ಈ ಲೆಕ್ಕದಲ್ಲಿ ಮಕ್ಕಳ ಒಂದು ಪ್ರಶ್ನೆಯೂ ಇನ್ನೂ ಸೇರಿಲ್ಲ ಎಂಬುದನ್ನು ಗಮನಿಸಿ. ಪ್ರಶ್ನೆಗಳ ಮೇಲೆ ನೀವು ಹೊರಿಸಿರುವ ತಪ್ಪಿನಲ್ಲಿ ಹೆಚ್ಚಿನ ಪಾಲು ಪ್ರಶ್ನೆಗಳದ್ದಲ್ಲ.

ಇಲ್ಲಿ ಒಂದು ಮಾತು ನಿಮ್ಮ ಮುಖ್ಯೋಪಾಧ್ಯಾಯರ ಕಿವಿಗೂ ಬೀಳಲಿ. 2023ರಲ್ಲಿ ಪ್ರಕಟವಾದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂಬತ್ತನೇ ತರಗತಿಯಿಂದ ಮೇಲಕ್ಕೆ 50 ನಿಮಿಷದ ಪಿರಿಯಡ್ ಇರುವ ಮಾದರಿ ವೇಳಾಪಟ್ಟಿಯನ್ನು ಕೊಟ್ಟಿದೆ. ಆದರೆ ಒಂದು ಪಿರಿಯಡ್ ಮುಗಿದು ಇನ್ನೊಂದಕ್ಕೆ ಅಣಿಯಾಗಲು 5 ನಿಮಿಷವನ್ನು ಅದು ಪ್ರತ್ಯೇಕವಾಗಿಯೇ ಇಟ್ಟಿದೆ. 50ನ್ನು ತೆಗೆದುಕೊಂಡು ಆ 5ನ್ನು ಬಿಟ್ಟ ಶಾಲೆಯಲ್ಲಿ ಪಿರಿಯಡ್‌ನ ನಿಜವಾದ ಉದ್ದ 45ರ ಆಸುಪಾಸಿನಲ್ಲಿರುತ್ತದೆ. ವೇಳಾಪಟ್ಟಿ ಬದಲಾಗುವವರೆಗೆ ನೀವು ನಂಬಬೇಕಾದದ್ದು 45ನ್ನು.

ಈಗ ಪರಿಹಾರಕ್ಕೆ ಬರೋಣ. ಯೋಜನೆಯನ್ನು ಮೇಲಿನಿಂದ ಕೆಳಕ್ಕೆ ಬರೆಯುವ ಬದಲು ಕೊನೆಯಿಂದ ಹಿಂದಕ್ಕೆ ಬರೆಯಿರಿ. ಹಾಳೆಯ ಕೆಳತುದಿಯಲ್ಲಿ ಮೊದಲು ಒಂದು ಗಡಿಯಾರದ ಹೊತ್ತನ್ನು ಬರೆಯಬೇಕು. ಪಿರಿಯಡ್ 11.10ಕ್ಕೆ ಮುಗಿಯುವುದಾದರೆ ಅಲ್ಲಿ 11.00 ಎಂದು ಬರೆದು ಸುತ್ತು ಹಾಕಿ. ಅದು ಪುನರಾವಲೋಕನ ಆರಂಭವಾಗುವ ಹೊತ್ತು. ಉಳಿದೆಲ್ಲಕ್ಕೂ ನಿಮಿಷಗಳ ಅವಧಿ ಇರಲಿ, ಇದಕ್ಕೆ ಮಾತ್ರ ಗಡಿಯಾರದ ಹೊತ್ತೇ ಇರಲಿ. ‘8 ನಿಮಿಷ’ ಎಂದು ಬರೆದುಕೊಂಡ ಶಿಕ್ಷಕರು ಹಿಂದಿನ ಕೆಲಸ ಮುಗಿಯುವವರೆಗೂ ಕಾಯುತ್ತಾರೆ. ‘11.00’ ಎಂದು ಬರೆದುಕೊಂಡವರು ಹಿಂದಿನ ಕೆಲಸ ಮುಗಿದಿರಲಿ ಬಿಡಲಿ, ಸೀಮೆಸುಣ್ಣವನ್ನು ಕೆಳಗಿಡುತ್ತಾರೆ.

ಆಮೇಲೆ ಬದಲಾವಣೆಯ ಹೊತ್ತುಗಳನ್ನೂ ಪಾಠದ ಭಾಗಗಳಂತೆಯೇ ಬೇರೆ ಸಾಲುಗಳಾಗಿ ಬರೆಯಿರಿ. ಹಾಗೆ ಬರೆದ ಕೂಡಲೇ ಒಂದು ಉಪಕಾರವಾಗುತ್ತದೆ. ಗುಂಪಾಗಲು 3 ನಿಮಿಷ, ಮರಳಲು 2 ನಿಮಿಷ ಎಂದು ಕಣ್ಣೆದುರು ಕಂಡಾಗ, ಈ ಪಾಠಕ್ಕೆ ಆರು ಮಕ್ಕಳ ಗುಂಪು ನಿಜಕ್ಕೂ ಬೇಕೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. n ನೇ ಪದ ಕಂಡುಹಿಡಿಯುವ ಲೆಕ್ಕಕ್ಕೆ ಬೇಡ. ಅಕ್ಕಪಕ್ಕದಲ್ಲಿ ಕುಳಿತ ಇಬ್ಬರು ಸೇರಿ ಮಾಡಿದರೆ ಸಾಕು, ಬೆಂಚು ಅಲುಗಾಡುವುದಿಲ್ಲ, ಬದಲಾವಣೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಗುಂಪು ಚಟುವಟಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಯೋಜನೆಯ ಹಾಳೆಯಲ್ಲಿ ಆ ಹೆಸರು ಕಾಣಿಸಬೇಕೆಂಬ ಒಂದೇ ಕಾರಣಕ್ಕೆ ನಡೆಯುವ ಗುಂಪು ಚಟುವಟಿಕೆಗಳನ್ನು ನಾನು ಬಹಳ ನೋಡಿದ್ದೇನೆ.

ನಿಮ್ಮದೇ ಪಾಠವನ್ನು ಈ ರೀತಿ ಹೊಂದಿಸಿ ತೋರಿಸುತ್ತೇನೆ. ಬೆಲ್ 10.20ಕ್ಕೆ ಹೊಡೆಯಿತು ಎಂದಿಟ್ಟುಕೊಳ್ಳಿ. ನೀವು ಒಳಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಹಾಜರಿ ಆಗಬಾರದು. ಬೋರ್ಡಿನ ಬಲ ಮೂಲೆಯಲ್ಲಿ 5, 8, 11, 14 ಎಂದು ಬರೆದು, ‘ಮುಂದಿನ ಎರಡು ಪದ ಬರೆಯಿರಿ, ಹೇಗೆ ಸಿಕ್ಕಿತು ಎಂದು ಒಂದು ಸಾಲು ಬರೆಯಿರಿ’ ಎಂದು ಸೇರಿಸಿ. ಎಡ ಮೂಲೆಯಲ್ಲಿ ಆ ದಿನದ ಮನೆಗೆಲಸದ ಲೆಕ್ಕಗಳ ಸಂಖ್ಯೆಯನ್ನು ಆಗಲೇ ಬರೆದುಬಿಡಿ, ಏಕೆಂದರೆ ಕೊನೆಯಲ್ಲಿ ಬೆಲ್‌ನ ಸದ್ದಿನ ಮೇಲೆ ಕೂಗಿ ಹೇಳುವ ಮನೆಗೆಲಸ ಪುನರಾವಲೋಕನದ ಬಾಯಿಗೇ ಕೈ ಹಾಕುತ್ತದೆ. ಮಕ್ಕಳು ಆ ಎರಡು ಪದ ಹುಡುಕುವಷ್ಟರಲ್ಲಿ ಹಾಜರಿ ಮುಗಿಸಿ. ನಾಲ್ಕು ನಿಮಿಷ ಈಗಲೂ ಖರ್ಚಾಯಿತು, ಆದರೆ ಪೂರ್ವಜ್ಞಾನದ ಅರ್ಧ ಕೆಲಸ ಅದರೊಳಗೇ ಆಗಿಹೋಯಿತು. 10.24ರಿಂದ 10.28ರವರೆಗೆ ಆ ಉತ್ತರಗಳನ್ನು ಕೇಳಿ, ಮೊದಲ ಪದ a, ಸಾಮಾನ್ಯ ವ್ಯತ್ಯಾಸ d ಎಂಬುದನ್ನು ನೆನಪಿಗೆ ತನ್ನಿ.

10.28ರಿಂದ 10.41ರವರೆಗಿನ ಹದಿಮೂರು ನಿಮಿಷ ಪಾಠದ ಹೃದಯ. ಅದೇ ಶ್ರೇಢಿಯನ್ನು ಒಂದರ ಕೆಳಗೊಂದು ಬಿಡಿಸಿ ಬರೆಯಿರಿ: ಮೊದಲನೆಯದು 5, ಎರಡನೆಯದು 5 + 3, ಮೂರನೆಯದು 5 + 3 + 3, ನಾಲ್ಕನೆಯದು 5 + 3 + 3 + 3. ಅಲ್ಲಿ ನಿಲ್ಲಿಸಿ, ‘ಹತ್ತನೆಯ ಪದದಲ್ಲಿ ಎಷ್ಟು ಮೂರುಗಳು ಇರುತ್ತವೆ?’ ಎಂದು ಕೇಳಿ. ಇಡೀ ಪಿರಿಯಡ್‌ನಲ್ಲಿ ಹೊತ್ತು ಧಾರಾಳವಾಗಿ ಕೊಡಬೇಕಾದ ಪ್ರಶ್ನೆ ಇದೊಂದೇ. ‘ಹತ್ತು’ ಎಂಬ ಉತ್ತರ ಖಂಡಿತ ಬರುತ್ತದೆ. ಅದನ್ನು ತಳ್ಳಿಹಾಕದೆ, ‘ಹಾಗಾದರೆ ನಾಲ್ಕನೆಯದರಲ್ಲಿ ಎಷ್ಟಿವೆ, ಎಣಿಸಿ’ ಎಂದು ಬೋರ್ಡಿನ ಕಡೆಗೆ ಅವರ ಕಣ್ಣನ್ನು ತಿರುಗಿಸಿ. ಮೂರೇ ಇವೆ ಎಂದು ಅವರಿಗೇ ಕಂಡ ಮೇಲೆ 5 + 9 × 3 = 32 ಎಂಬುದೂ, ಅದರ ಹಿಂದೆಯೇ ಸೂತ್ರವೂ ಬರಲಿ:

```
aₙ = a + (n − 1)d
```

ಸೂತ್ರ ಮತ್ತು ಬಿಡಿಸಿ ಬರೆದ ಆ ನಾಲ್ಕು ಸಾಲುಗಳನ್ನು ಮಾತ್ರ ನೋಟ್‌ಗೆ ಇಳಿಸಿಕೊಳ್ಳಲು 10.41ರಿಂದ 10.43ರವರೆಗೆ ಬಿಡಿ, ಆ ಹೊತ್ತಿನಲ್ಲಿ ಮಾತನಾಡಬೇಡಿ. ಬರೆಯುವಾಗ ಮಾತನಾಡಿದರೆ ಬರಹವೂ ನಿಧಾನವಾಗುತ್ತದೆ, ಮಾತನ್ನೂ ಮತ್ತೊಮ್ಮೆ ಹೇಳಬೇಕಾಗುತ್ತದೆ. 10.43ರಿಂದ 10.49ರವರೆಗೆ ಎರಡು ಉದಾಹರಣೆ. ಮೊದಲನೆಯದು ನೇರವಾದದ್ದು, a = 7, d = 4 ಆದಾಗ ಹದಿನೈದನೆಯ ಪದ. ಉತ್ತರ 63. ಎರಡನೆಯದು ತಿರುಗಿಸಿ ಕೇಳುವಂಥದ್ದು, 4, 9, 14 ಎಂಬ ಶ್ರೇಢಿಯಲ್ಲಿ 99 ಎಷ್ಟನೆಯ ಪದ ಎಂಬುದು. ಈ ಎರಡನೆಯದರ ಪಕ್ಕದಲ್ಲಿ ನಿಮ್ಮ ಹಾಳೆಯಲ್ಲಿ ಒಂದು ಕತ್ತರಿಯ ಚಿತ್ರ ಬರೆಯಿರಿ. ಅದರ ಅರ್ಥವನ್ನು ಆಮೇಲೆ ಹೇಳುತ್ತೇನೆ.

10.49ಕ್ಕೆ ಜೋಡಿ ಕೆಲಸ ಆರಂಭ. 3, 10, 17 ಎಂಬ ಶ್ರೇಢಿಯ ಹನ್ನೆರಡನೆಯ ಪದ, 50, 46, 42 ಎಂಬುದರ ಹತ್ತನೆಯ ಪದ, ಮತ್ತು 2, 9, 16 ಎಂಬುದರಲ್ಲಿ 100 ಎಷ್ಟನೆಯದು ಎಂಬ ಮೂರು ಲೆಕ್ಕ. ಮೂರನೆಯದಕ್ಕೂ ಕತ್ತರಿ. ಒಂದನ್ನು ಮುಗಿಸಿದವರು ಮುಂದಿನದಕ್ಕೆ ತಾವೇ ಹೋಗಲಿ, ಎಲ್ಲರೂ ಮೂರನ್ನೂ ಮುಗಿಸುವವರೆಗೆ ಕಾಯುವುದು ಬೇಡ. 10.58ಕ್ಕೆ 80, 14, 15 ಎಂದು ಮೂರು ಉತ್ತರಗಳನ್ನಷ್ಟೇ ಬೋರ್ಡಿನ ಮೇಲೆ ಬರೆಯಿರಿ. ಸರಿಯಾದವರು ಸರಿ ಗುರುತು ಹಾಕಿಕೊಳ್ಳುತ್ತಾರೆ, ತಪ್ಪಾದವರು ಸುತ್ತು ಹಾಕಿ ಮನೆಗೆ ಒಯ್ಯುತ್ತಾರೆ. ಆ ಮೂರನ್ನೂ ಬೋರ್ಡಿನ ಮೇಲೆ ಬಿಡಿಸುವ ಆಸೆ ಬಲವಾಗಿರುತ್ತದೆ. ಪುನರಾವಲೋಕನ ನಿಂತುಹೋಗುವುದು ಹೆಚ್ಚಾಗಿ ಇದೇ ಜಾಗದಲ್ಲಿ.

11.00ಕ್ಕೆ ನೋಟ್ ಮುಚ್ಚಿಸಿ, ಬೋರ್ಡಿನ ಸೂತ್ರವನ್ನು ಅಳಿಸಿಬಿಡಿ. ರಫ್ ನೋಟ್‌ನ ಕಾಲು ಹಾಳೆಯ ಚೀಟಿಯಲ್ಲಿ ಪ್ರತಿಯೊಬ್ಬರೂ ಒಂದೇ ಲೆಕ್ಕವನ್ನು ಮಾಡಲಿ: 6, 10, 14 ಎಂಬ ಶ್ರೇಢಿಯ ಇಪ್ಪತ್ತೊಂದನೆಯ ಪದ ಯಾವುದು, ಅದರಲ್ಲಿ ಎಷ್ಟು ನಾಲ್ಕುಗಳಿವೆ, ಏಕೆ? ಇದಕ್ಕೆ 3 ನಿಮಿಷ. ಆಮೇಲೆ ಪಕ್ಕದವರ ಚೀಟಿಯೊಂದಿಗೆ ಹೋಲಿಸಿ ಮಾತಾಡಿಕೊಳ್ಳಲು ಒಂದು ನಿಮಿಷ, ಆದರೆ ಚೀಟಿಯನ್ನು ತಿದ್ದುವಂತಿಲ್ಲ. ಆ ನಾಲ್ಕು ನಿಮಿಷ ನೀವು ಸಾಲುಗಳ ನಡುವೆ ಓಡಾಡಿ, ಯಾವ ತಪ್ಪು ಹೆಚ್ಚು ಕಾಣುತ್ತಿದೆ ಎಂದು ನೋಡಿಟ್ಟುಕೊಳ್ಳಿ. 11.04ಕ್ಕೆ ಬೋರ್ಡಿನ ಮೇಲೆ ಯಾರ ಹೆಸರನ್ನೂ ಹೇಳದೆ 90 ಎಂದು ಬರೆದು, ‘ಈ ಉತ್ತರ ಬರೆದವರು ಏನೆಂದುಕೊಂಡು ಬರೆದಿರಬಹುದು?’ ಎಂದು ಕೇಳಿ. ‘20ರ ಬದಲು 21 ನಾಲ್ಕುಗಳನ್ನು ಸೇರಿಸಿದ್ದಾರೆ’ ಎಂಬ ಮಾತು ಮಕ್ಕಳ ಬಾಯಿಂದ ಬಂದು, 86 ಏಕೆ ಸರಿ ಎಂಬುದನ್ನು ಇನ್ನೊಬ್ಬರು ಹೇಳುವಷ್ಟಕ್ಕೆ 4 ನಿಮಿಷ ಸಾಕು. 11.08ಕ್ಕೆ ಚೀಟಿಗಳು ಬೆಂಚಿನ ತುದಿಯಿಂದ ಮುಂದಕ್ಕೆ ಸಾಗಿ ನಿಮ್ಮ ಮೇಜಿಗೆ ಬರುತ್ತವೆ. ಬೆಲ್‌ಗೆ ಇನ್ನೂ 2 ನಿಮಿಷ ಇರುತ್ತದೆ. ಅದನ್ನು ತುಂಬಲು ಹೋಗಬೇಡಿ, ಅದು ತಾನಾಗಿ ತುಂಬಿಕೊಳ್ಳುತ್ತದೆ.

ಆ ಲೆಕ್ಕದ ಸಂಖ್ಯೆಗಳನ್ನು ಸುಮ್ಮನೆ ಆರಿಸಿದ್ದಲ್ಲ. ಸರಿಯಾಗಿ ಮಾಡಿದವರಿಗೆ 86 ಬರುತ್ತದೆ. n − 1ರ ಬದಲು n ಹಾಕಿದವರಿಗೆ 90, ಮೊದಲ ಪದವನ್ನು ಕೂಡಿಸಲು ಮರೆತವರಿಗೆ 80, ಎರಡೂ ತಪ್ಪು ಮಾಡಿದವರಿಗೆ 84. ಉತ್ತರ ನೋಡಿದರೆ ಸಾಕು, ತಪ್ಪಿನ ಜಾಡು ಸಿಗುತ್ತದೆ. ಸ್ಟಾಫ್ ರೂಮ್‌ನಲ್ಲಿ ಕುಳಿತು 46 ಚೀಟಿಗಳನ್ನು ಈ ಉತ್ತರಗಳ ಪ್ರಕಾರ ಗುಡ್ಡೆ ಮಾಡಲು ಐದು ನಿಮಿಷ ಹಿಡಿಯಬಹುದು. ಅಂಕ ಹಾಕುವುದು ಬೇಡ, ತಿದ್ದುವುದೂ ಬೇಡ. 90ರ ಗುಡ್ಡೆಯಲ್ಲಿ ನಾಲ್ಕೈದು ಚೀಟಿ ಇದ್ದರೆ ಆ ಮಕ್ಕಳ ಬಳಿ ಮರುದಿನ ಜೋಡಿ ಕೆಲಸದ ಹೊತ್ತಿನಲ್ಲಿ ನಿಂತು ಮಾತಾಡಿ. ಹದಿನೈದು ಇದ್ದರೆ ಮರುದಿನದ ಬಲ ಮೂಲೆಯ ಪ್ರಶ್ನೆಯೇ ಅದರ ಮೇಲೆ ಇರಲಿ. ನಾಳೆಯ ಪೂರ್ವಜ್ಞಾನದ ಹೊತ್ತು ಹೀಗೆ ಇಂದಿನ ಚೀಟಿಯಿಂದ ಹುಟ್ಟಿದರೆ, ಅದಕ್ಕೆ ಬೇರೆ ತಯಾರಿಯೂ ಬೇಕಾಗುವುದಿಲ್ಲ.

ಪುನರಾವಲೋಕನ ಎಂದರೆ ಶಿಕ್ಷಕರೇ ನಿಂತು ‘ಇವತ್ತು ನಾವು ಏನು ಕಲಿತೆವು ಎಂದರೆ…’ ಎಂದು ಹೇಳುವುದು ಎಂಬ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ನಾನು ಸೇವೆಗೆ ಸೇರಿದ ಹೊಸತರಲ್ಲಿ ಹಾಗೆಯೇ ಮಾಡುತ್ತಿದ್ದೆ. ಒಂದು ದಿನ ನಾನು ಮಾತಾಡುತ್ತಿರುವಾಗಲೇ ಹಿಂದಿನ ಬೆಂಚಿನಿಂದ ಜಾಮಿಟ್ರಿ ಬಾಕ್ಸ್ ಮುಚ್ಚಿದ ಸದ್ದು ಕೇಳಿತು, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ‘ಇವತ್ತು ನಾವು’ ಎಂಬ ನನ್ನ ಎರಡು ಪದಗಳೇ ಮಕ್ಕಳಿಗೆ ಬೆಲ್ ಆಗಿದ್ದವು. ಹೇಳುವವರು ನಾವಾದರೆ ಅವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ಒಂದು ವಾರದ ನಂತರ, ನೋಡದೆ ನೆನಪಿನಿಂದ ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಅವರ ಪ್ರಯೋಗ ಕಾಲೇಜು ವಿದ್ಯಾರ್ಥಿಗಳ ಮೇಲೆ, ಗದ್ಯ ಭಾಗಗಳನ್ನಿಟ್ಟುಕೊಂಡು ನಡೆದದ್ದು. ಆದ್ದರಿಂದ ಗಣಿತದ ತರಗತಿಗೆ ಅದನ್ನು ಅಕ್ಷರಶಃ ಹೊಂದಿಸಲು ನಾನು ಹೋಗುವುದಿಲ್ಲ. ಆದರೂ ನೋಟ್ ಮುಚ್ಚಿಸಿ, ಸೂತ್ರ ಅಳಿಸಿ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಇನ್ನು ಪ್ರಶ್ನೆಗಳ ವಿಷಯ. ಮಕ್ಕಳನ್ನು ಬೇಡ ಎನ್ನುವ ಅಗತ್ಯ ಇಲ್ಲ, ಯಾವ ಪ್ರಶ್ನೆಗೆ ಯಾವ ಹೊತ್ತು ಎಂಬುದನ್ನು ಮಾತ್ರ ನೀವು ತೀರ್ಮಾನಿಸಬೇಕು. ಈ ಪಾಠದಲ್ಲಿಯೇ ನೋಡಿ. ‘ಹತ್ತನೆಯ ಪದ ಎಂದ ಮೇಲೆ ಹತ್ತರಿಂದಲೇ ಗುಣಿಸಬೇಕಲ್ಲವೇ ಸಾರ್?’ ಎಂದು ಯಾರಾದರೂ ಕೇಳಿದರೆ ಎಲ್ಲವನ್ನೂ ನಿಲ್ಲಿಸಿ ಅದನ್ನೇ ಹಿಡಿಯಬೇಕು, ಏಕೆಂದರೆ ಆ ಒಬ್ಬರ ಬಾಯಲ್ಲಿ ಹತ್ತು ಮಂದಿಯ ಅನುಮಾನ ಇರುತ್ತದೆ ಮತ್ತು ಮುಂದಿನ ಪ್ರತಿ ಲೆಕ್ಕವೂ ಅದರ ಮೇಲೆ ನಿಂತಿರುತ್ತದೆ. ‘ನನಗೆ 61 ಬರುತ್ತಿದೆ ಸಾರ್’ ಎಂಬುದು ಹಾಗಲ್ಲ. ಅದು ಒಂದು ನೋಟ್‌ನ ಗುಣಾಕಾರದ ತಪ್ಪು, ಅದಕ್ಕಾಗಿ 45 ಮಕ್ಕಳನ್ನು ಕಾಯಿಸಬಾರದು. ‘ಜೋಡಿ ಕೆಲಸ ಶುರುವಾದ ಕೂಡಲೇ ನಿನ್ನ ಹತ್ತಿರವೇ ಮೊದಲು ಬರುತ್ತೇನೆ’ ಎಂದು ಹೇಳಿ, ಹಾಗೆಯೇ ಹೋಗಿ. ಮೂರನೆಯ ಬಗೆ ಕಷ್ಟದ್ದು. ‘ಸಾರ್, d ಭಿನ್ನರಾಶಿ ಆಗಬಹುದೇ?’, ‘ಎಲ್ಲ ಪದಗಳನ್ನೂ ಕೂಡಿಸಲು ಸೂತ್ರ ಇದೆಯೇ?’ ಎಂಬಂಥವು ಒಳ್ಳೆಯ ಪ್ರಶ್ನೆಗಳು, ಉತ್ತರಿಸಲು ನಮಗೂ ಆಸೆ, ಆದರೆ ಇಂದಿನ ಪಾಠಕ್ಕೆ ಅವು ಬೇಕಿಲ್ಲ. ಭಿನ್ನರಾಶಿಯದಕ್ಕೆ ‘ಆಗಬಹುದು, ನಾಳೆ ಒಂದು ನೋಡೋಣ’ ಎಂದರೆ ಸಾಕು. ಎರಡನೆಯದು ಮುಂದಿನ ಪಾಠವೇ ಆದ್ದರಿಂದ ಬೋರ್ಡಿನ ಒಂದು ಅಂಚಿನಲ್ಲಿ ‘ಮೊತ್ತ?’ ಎಂದು ಬರೆದು, ಕೇಳಿದ ಮಗುವಿನ ಹೆಸರನ್ನು ಪಕ್ಕದಲ್ಲಿ ಬರೆಯಿರಿ. ಅದನ್ನು ನಿಮ್ಮ ದಿನಚರಿಗೂ ಇಳಿಸಿಕೊಳ್ಳಿ. ಹೀಗೆ ಬರೆದಿಟ್ಟ ಪ್ರಶ್ನೆಯನ್ನು ಮರುದಿನವೋ ಆ ವಾರದಲ್ಲೋ ಆ ಮಗುವಿನ ಹೆಸರು ಹಿಡಿದೇ ಎತ್ತಿಕೊಳ್ಳಬೇಕು. ಎರಡು ಬಾರಿ ಮರೆತರೆ ಆ ಅಂಚು ಪ್ರಶ್ನೆಗಳನ್ನು ಹೂಳುವ ಜಾಗ ಎಂದು ಮಕ್ಕಳಿಗೆ ತಿಳಿದುಹೋಗುತ್ತದೆ, ಮೂರನೆಯ ಬಾರಿ ಯಾರೂ ಕೇಳುವುದಿಲ್ಲ.

ಹೊತ್ತು ತಿನ್ನುವ ಪ್ರಶ್ನೆಗಳಲ್ಲಿ ನಮ್ಮವೇ ಹೆಚ್ಚು ಎಂಬುದನ್ನೂ ಹೇಳಲೇಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡ್‌ನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡ್‌ಗಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾಗಿ, ಹೆಚ್ಚು ಮಕ್ಕಳಿಂದ ಬರುತ್ತವೆಂದೂ ತೋರಿಸಿದರು. ಇದನ್ನು ತರಬೇತಿಯಲ್ಲಿ ಹೇಳಿದಾಗಲೆಲ್ಲ ‘ಅಷ್ಟು ಕಾಯಲು ಹೊತ್ತೆಲ್ಲಿದೆ ಮೇಡಂ?’ ಎಂಬ ಮಾತು ಬರುತ್ತದೆ. ಲೆಕ್ಕ ಹಾಕಿ ನೋಡಿ. ಪಿರಿಯಡ್‌ನಲ್ಲಿ ಹನ್ನೆರಡು ಪ್ರಶ್ನೆ ಕೇಳಿ ಪ್ರತಿಯೊಂದಕ್ಕೂ ಮೂರು ಸೆಕೆಂಡ್ ಹೆಚ್ಚಾಗಿ ಕಾದರೂ ಒಟ್ಟು 36 ಸೆಕೆಂಡ್, ಒಂದು ನಿಮಿಷವೂ ಆಗುವುದಿಲ್ಲ. ನಿಮಿಷಗಳು ಹೋಗುವುದು ಕಾಯದೇ ಇದ್ದಾಗ. ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ತಿರುಗಿಸಿ ಕೇಳುತ್ತೇವೆ, ಬಂದ ಉತ್ತರವನ್ನು ನಾವೇ ಮತ್ತೊಮ್ಮೆ ಜೋರಾಗಿ ಹೇಳುತ್ತೇವೆ, ಕೊನೆಗೆ ‘ಅರ್ಥವಾಯಿತಾ?’ ಎಂದು ಕೇಳಿ ‘ಹೌದು ಸಾರ್’ ಎಂಬ ಹಾಡನ್ನು ಕೇಳಿಸಿಕೊಳ್ಳುತ್ತೇವೆ. ನಿಮ್ಮ ಒಂದು ಪಿರಿಯಡ್ ಮುಗಿಯುವವರೆಗೆ ‘ಅರ್ಥವಾಯಿತಾ’ ಎಂಬ ಪದವನ್ನು ಬಿಟ್ಟು ನೋಡಿ. ಅದರ ಕೆಲಸವನ್ನು ಕೊನೆಯ ಚೀಟಿ ಇನ್ನೂ ಚೆನ್ನಾಗಿ ಮಾಡುತ್ತದೆ.

ಈಗ ಕತ್ತರಿಯ ಮಾತು. ಹಿಂದಿನ ಪಿರಿಯಡ್‌ನವರು ಬೆಲ್ ಆದ ಮೇಲೂ ಪಾಠ ಮುಂದುವರಿಸಿದರು, ಪ್ರಾರ್ಥನೆ ಉದ್ದವಾಯಿತು, ಕಚೇರಿಯಿಂದ ಒಂದು ಸೂಚನೆ ಬಂದು ಓದಬೇಕಾಯಿತು ಎಂಬುದು ವಾರಕ್ಕೊಮ್ಮೆಯಾದರೂ ಆಗುತ್ತದೆ. ಆಗ ಏನನ್ನು ಬಿಡಬೇಕೆಂದು ತರಗತಿಯಲ್ಲಿ ನಿಂತು ಯೋಚಿಸಿದರೆ ನಾವು ಬಿಡುವುದು ಕೊನೆಯದನ್ನೇ. ಹಿಂದಿನ ರಾತ್ರಿಯೇ ಕತ್ತರಿ ಗುರುತು ಹಾಕಿದ್ದರೆ ಬಿಡುವುದು ನಡುವಿನದನ್ನು. ಮೇಲಿನ ಯೋಜನೆಯಲ್ಲಿ ಎರಡನೆಯ ಉದಾಹರಣೆ ಮತ್ತು ಮೂರನೆಯ ಲೆಕ್ಕ ಬಿಟ್ಟರೆ ಆರು ನಿಮಿಷದವರೆಗೂ ಸಿಗುತ್ತದೆ. ಇವೆರಡೂ ‘ಎಷ್ಟನೆಯ ಪದ’ ಎಂಬ ಒಂದೇ ಜಾತಿಯವಾದ್ದರಿಂದ ಆ ಭಾಗವನ್ನು ಇಡಿಯಾಗಿ ನಾಳೆಗೆ ತಳ್ಳಬಹುದು, ಇಂದಿನ ಪಾಠ ಕುಂಟುವುದಿಲ್ಲ. ಕತ್ತರಿ ಬೀಳುವ ಭಾಗ ಹೀಗೆ ಬೇರೆಯಾಗಿ ಕಳಚಿಕೊಳ್ಳುವಂತಿರಬೇಕು. ಪರಿಕಲ್ಪನೆಯ ಹದಿಮೂರು ನಿಮಿಷಕ್ಕೆ ಎಂದೂ ಕತ್ತರಿ ಹಾಕಬೇಡಿ.

ಕತ್ತರಿಯಿಂದಲೂ ಆಗದ ದಿನಗಳುಂಟು. 10.45 ಆದರೂ ಅರ್ಧ ತರಗತಿ ಇನ್ನೂ ‘ಹತ್ತು ಮೂರುಗಳು’ ಎನ್ನುತ್ತಿದ್ದರೆ, ಉದಾಹರಣೆಗಳನ್ನೂ ಜೋಡಿ ಕೆಲಸವನ್ನೂ ಬಿಟ್ಟು ಪರಿಕಲ್ಪನೆಯಲ್ಲೇ ಉಳಿಯುವುದು ಸರಿ. ಆದರೆ ಆ ದಿನವೂ 11.00ಕ್ಕೆ ನಿಲ್ಲಿಸಬೇಕು. ಚೀಟಿಯ ಲೆಕ್ಕ ಮಾತ್ರ ಬದಲಾಗಲಿ. ಇಪ್ಪತ್ತೊಂದನೆಯ ಪದದ ಬದಲು, ‘6, 10, 14ರ ಆರನೆಯ ಪದವನ್ನು ಬಿಡಿಸಿ ಬರೆಯಿರಿ, ಅದರಲ್ಲಿ ಎಷ್ಟು ನಾಲ್ಕುಗಳಿವೆ?’ ಎಂದಷ್ಟೇ ಕೇಳಿ. ತೀರಾ ಇಕ್ಕಟ್ಟಾದ ದಿನ ಪುನರಾವಲೋಕನವನ್ನು ಮೂರು ನಿಮಿಷಕ್ಕೆ ಇಳಿಸಿ, ಚರ್ಚೆ ಬಿಟ್ಟು ಚೀಟಿಯನ್ನು ಮಾತ್ರ ಪಡೆಯಿರಿ. ಶೂನ್ಯಕ್ಕೆ ಇಳಿಸಿದರೆ ಮರುದಿನ ಎಲ್ಲಿಂದ ಆರಂಭಿಸಬೇಕೆಂಬುದೇ ನಿಮಗೆ ತಿಳಿದಿರುವುದಿಲ್ಲ. ರಚನೆಯ ಪಾಠಗಳಲ್ಲಿ, ಕೈವಾರ ಹಿಡಿದ ಮಕ್ಕಳನ್ನು ಅರ್ಧದಲ್ಲಿ ನಿಲ್ಲಿಸಲಾಗದು ಎಂಬುದು ನಿಜ. ಅಂಥ ದಿನ ನಿಮ್ಮ ಸುತ್ತು ಹಾಕಿದ ಹೊತ್ತನ್ನು ನಾಲ್ಕು ನಿಮಿಷ ಹಿಂದಕ್ಕೆ ಸರಿಸಿ, ಸಾಮಾನು ಒಳಗಿಡುವುದಕ್ಕೆ ಅದು ಬೇಕಾಗುತ್ತದೆ.

ಯಾವುದನ್ನೂ ಬದಲಿಸುವ ಮೊದಲು ಒಂದು ವಾರ ಬರೀ ಅಳೆಯಿರಿ. ದಿನಚರಿಯ ಹಿಂಬದಿಯಲ್ಲಿ ಪ್ರತಿ ಪಿರಿಯಡ್‌ಗೆ ಮೂರು ಹೊತ್ತುಗಳನ್ನು ಗುರುತಿಸಿದರೆ ಸಾಕು: ಮೊದಲ ಲೆಕ್ಕಕ್ಕೆ ಪೆನ್ನು ಇಳಿದದ್ದು, ಜೋಡಿ ಅಥವಾ ಗುಂಪು ಕೆಲಸ ನಿಜವಾಗಿ ಶುರುವಾದದ್ದು, ಪುನರಾವಲೋಕನ ಶುರುವಾದದ್ದು. ನಾಲ್ಕನೆಯದನ್ನು ಸೇರಿಸಿದರೆ ಮೂರು ದಿನದಲ್ಲಿ ಬರೆಯುವುದೇ ನಿಂತುಹೋಗುತ್ತದೆ, ಇದು ನನ್ನ ಅನುಭವ. ಮೊಬೈಲ್ ತರಗತಿಗೆ ಒಯ್ಯದಿರುವುದು ನಿಮ್ಮ ಶಾಲೆಯ ನಿಯಮವಾಗಿದ್ದರೆ ಹಿಂದಿನ ಗೋಡೆಗೆ ಒಂದು ಗಡಿಯಾರ ತೂಗುಹಾಕಿಸಿ. ಮುಂದಿನ ಗೋಡೆಯ ಗಡಿಯಾರವನ್ನು ಮಕ್ಕಳು ನೋಡುತ್ತಾರೆ, ನಾವು ನೋಡುವುದಿಲ್ಲ. ಮುಂದಿನ ಬೆಂಚಿನ ಒಬ್ಬರಿಗೆ 10.58ಕ್ಕೆ ಕೈ ಎತ್ತುವ ಕೆಲಸವನ್ನೂ ಒಪ್ಪಿಸಬಹುದು. ನಾನು ಕಂಡ ಒಂದು ತರಗತಿಯಲ್ಲಿ ಈ ಕೆಲಸ ವಹಿಸಿಕೊಂಡಿದ್ದ ಹುಡುಗಿ ಶಿಕ್ಷಕರು ನೋಡದಿದ್ದಾಗ ಎದ್ದು ನಿಂತೇ ಬಿಡುತ್ತಿದ್ದಳು, ನಾಲ್ಕನೆಯ ದಿನದಿಂದ ಶಿಕ್ಷಕರು ಅವಳಿಗಿಂತ ಮೊದಲೇ ಗಡಿಯಾರ ನೋಡತೊಡಗಿದ್ದರು.

ವಾರದ ಟಿಪ್ಪಣಿಯಲ್ಲಿ ಎರಡು ಪಿರಿಯಡ್‌ಗಳು ಉಳಿದವಕ್ಕಿಂತ ಬೇರೆಯಾಗಿ ಕಾಣುತ್ತವೆ. ಆಟದ ಪಿರಿಯಡ್‌ನ ನಂತರದ್ದು ಮೂರು ನಾಲ್ಕು ನಿಮಿಷ ತಡವಾಗಿ ಆರಂಭವಾಗುತ್ತದೆ, ನೀರು ಕುಡಿದು ಬರುವುದೂ ಅದರಲ್ಲಿ ಸೇರಿರುತ್ತದೆ. ಅದಕ್ಕೆ ಮೊದಲಿನಿಂದಲೇ ಕತ್ತರಿ ಹಾಕಿದ ಯೋಜನೆಯನ್ನು ಒಯ್ಯಿರಿ. ಸಂಜೆಯ ಕೊನೆಯ ಪಿರಿಯಡ್‌ನಲ್ಲಿ ಚೀಲಗಳ ಜಿಪ್ ಎಳೆಯುವ ಸದ್ದು ಬೆಲ್‌ಗೆ ಎರಡು ಮೂರು ನಿಮಿಷ ಮೊದಲೇ ಕೇಳಿಸುತ್ತದೆ. ಅಲ್ಲಿ ಸುತ್ತು ಹಾಕುವ ಹೊತ್ತು ಬೆಲ್‌ಗೆ ಹತ್ತು ನಿಮಿಷ ಮೊದಲಿನದಲ್ಲ, ಹದಿಮೂರು ನಿಮಿಷ ಮೊದಲಿನದಾಗಿರಲಿ, ಚೀಟಿ ಕೊಟ್ಟ ಸಾಲು ಮಾತ್ರ ಚೀಲ ಮುಚ್ಚಲಿ.